ಗೇಟ್ ಅರ್ಜಿಯಲ್ಲಿ ಶುಲ್ಕ ರಿಯಾಯಿತಿ: ಜಾತಿ ಪ್ರಮಾಣಪತ್ರವನ್ನು ನಾನು ಅಪ್‌ಲೋಡ್ ಮಾಡಿಸುವ ಕ್ರಮ

ಎಂ.ಟೆಕ್ ಪ್ರವೇಶಕ್ಕಾಗಿ ಬರೆಯುವ ಗೇಟ್ ಪರೀಕ್ಷೆಯ ಅರ್ಜಿಗಳನ್ನು ತುಂಬಿಸಿಕೊಡುವಾಗ ರಿಯಾಯಿತಿ ಕೈತಪ್ಪುವುದನ್ನು ನಾನು ನೋಡಿರುವುದು ಹೆಚ್ಚಾಗಿ ಹಣ ಕಟ್ಟುವ ಪುಟದಲ್ಲಲ್ಲ. ಅದಕ್ಕೂ ಮುಂಚೆ, ಪ್ರವರ್ಗ ಆರಿಸುವ ಒಂದು ಕ್ಲಿಕ್‌ನಲ್ಲಿ ಮತ್ತು ಪ್ರಮಾಣಪತ್ರದ ಆ ಒಂದು ಪಿಡಿಎಫ್‌ನಲ್ಲಿ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಆ ಎರಡರ ಬಗ್ಗೆಯೇ, ಕರ್ನಾಟಕದ ಪರಿಶಿಷ್ಟ ಜಾತಿಯ ಅಭ್ಯರ್ಥಿಯೊಬ್ಬರ ಅರ್ಜಿಯನ್ನು ಮುಂದಿಟ್ಟುಕೊಂಡು.

ಮೊದಲು ಯಾರಿಗೆ ಎಷ್ಟು ಎಂಬುದು. ಗೇಟ್‌ನಲ್ಲಿ ಕಡಿಮೆ ಶುಲ್ಕ ಇರುವುದು ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲ ಅಭ್ಯರ್ಥಿಗಳಿಗೆ. ಐಐಟಿ ಗುವಾಹಟಿ ನಡೆಸಿದ 2026ರ ಸುತ್ತಿನಲ್ಲಿ ಇವರಿಗೆ ಒಂದು ಪೇಪರ್‌ಗೆ 1000 ರೂಪಾಯಿ, ಉಳಿದವರಿಗೆ 2000 ರೂಪಾಯಿ. ಮೊದಲ ಗಡುವು ದಾಟಿ ವಿಸ್ತರಿಸಿದ ಅವಧಿಯಲ್ಲಿ ಅರ್ಜಿ ಹಾಕಿದರೆ 1500 ಮತ್ತು 2500. ಶುಲ್ಕ ಪೇಪರ್ ಲೆಕ್ಕದಲ್ಲಿರುವುದರಿಂದ ಎರಡು ಪೇಪರ್ ಬರೆಯುವವರಿಗೆ ರಿಯಾಯಿತಿಯ ಮೊತ್ತವೂ ಇಮ್ಮಡಿಯಾಗುತ್ತದೆ. ಪರೀಕ್ಷೆಯನ್ನು ಐಐಎಸ್‌ಸಿ ಮತ್ತು ಏಳು ಐಐಟಿಗಳು ಸರದಿಯಂತೆ ನಡೆಸುತ್ತವೆ. ದರ ಆಗಾಗ ಬದಲಾಗುತ್ತದೆ. ಹಾಗಾಗಿ ಆ ವರ್ಷದ ಮಾಹಿತಿ ಕೈಪಿಡಿಯ ಶುಲ್ಕದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು.

ಇತರೆ ಹಿಂದುಳಿದ ವರ್ಗ ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಗೇಟ್ ಶುಲ್ಕದಲ್ಲಿ ರಿಯಾಯಿತಿ ಇಲ್ಲ. ನಮ್ಮ ರಾಜ್ಯದವರು ಎಡವುವುದು ಇಲ್ಲೇ. ಕೆಪಿಎಸ್‌ಸಿ ಅಧಿಸೂಚನೆಗಳಲ್ಲಿ ಪ್ರವರ್ಗ-1ರವರಿಗೂ ಪರಿಶಿಷ್ಟರಂತೆ ಪರೀಕ್ಷಾ ಶುಲ್ಕದಿಂದ ವಿನಾಯಿತಿ ಇದೆ. 2ಎ, 2ಬಿ, 3ಎ, 3ಬಿ ಅಭ್ಯರ್ಥಿಗಳು ಸಾಮಾನ್ಯದವರ 600 ರೂಪಾಯಿಯ ಬದಲು 300 ಕಟ್ಟುತ್ತಾರೆ. ಅದೇ ನೆನಪಿನಲ್ಲಿ ಗೇಟ್ ಅರ್ಜಿಗೆ ಬಂದ ಪ್ರವರ್ಗ-1ರ ಹುಡುಗ ‘ನನಗೂ ವಿನಾಯಿತಿ ಇದೆಯಲ್ಲ’ ಎಂದು ಪರಿಶಿಷ್ಟದ ಆಯ್ಕೆಯನ್ನು ಒತ್ತಿಬಿಡುತ್ತಾನೆ. ಪ್ರವರ್ಗ-1 ಎಂಬುದು ರಾಜ್ಯದ ಹಿಂದುಳಿದ ವರ್ಗಗಳ ವಿಂಗಡಣೆ, ಕೇಂದ್ರದ ಪರಿಶಿಷ್ಟರ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಅವನು ಪೂರ್ಣ ಶುಲ್ಕ ಕಟ್ಟಲೇಬೇಕು. ತಪ್ಪಾಗಿ ಆರಿಸಿ ಕಡಿಮೆ ಕಟ್ಟಿದರೆ ಪರಿಶೀಲನೆಯಲ್ಲಿ ಪ್ರಮಾಣಪತ್ರ ನಿಲ್ಲುವುದಿಲ್ಲ.

ಇನ್ನು ಪ್ರಮಾಣಪತ್ರ. ಅರ್ಜಿ ಆಗಸ್ಟ್ ಕೊನೆಯ ಹೊತ್ತಿಗೆ ತೆರೆದು ಸೆಪ್ಟೆಂಬರ್ ಕೊನೆಯ ಸುಮಾರಿಗೆ ಮೊದಲ ಗಡುವು ಮುಗಿಯುತ್ತದೆ. ನಾಡಕಚೇರಿಯಲ್ಲಿ ಹೊಸದಾಗಿ ಜಾತಿ ಪ್ರಮಾಣಪತ್ರ ಮಾಡಿಸುವುದಾದರೆ ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರ ವರದಿ ಆಗಿ ತಹಶೀಲ್ದಾರರ ಸಹಿ ಬೀಳುವವರೆಗೆ ಎರಡು-ಮೂರು ವಾರ ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿ. ಜುಲೈನಲ್ಲಿ ಕೇಳಿದರೆ ನಿರಾಳ. ಅರ್ಜಿ ಹಾಕಿದ ಸ್ವೀಕೃತಿ ಚೀಟಿಯನ್ನೇ ಅಪ್‌ಲೋಡ್ ಮಾಡಿ ‘ಪತ್ರ ಆಮೇಲೆ ಕೊಡುತ್ತೇನೆ’ ಅನ್ನಲು ಬರುವುದಿಲ್ಲ. ಶಾಲೆಯ ವರ್ಗಾವಣೆ ಪತ್ರದಲ್ಲಿ ಜಾತಿ ಬರೆದಿದ್ದರೂ ಅದು ಪ್ರಮಾಣಪತ್ರವಲ್ಲ. ಅಪ್ಪನ ಅಥವಾ ಅಣ್ಣನ ಪ್ರಮಾಣಪತ್ರವೂ ನಡೆಯದು, ಅಭ್ಯರ್ಥಿಯದೇ ಬೇಕು.

ಹಳೆಯ ಪತ್ರ ಮನೆಯಲ್ಲಿದೆ ಎನ್ನುವವರದನ್ನು ನಾನು ನಾಲ್ಕು ಅಂಶಗಳಿಗಾಗಿ ಓದುತ್ತೇನೆ. ‘ಪರಿಶಿಷ್ಟ ಜಾತಿ’ ಎಂಬ ಮಾತು ಮತ್ತು ಜಾತಿಯ ಹೆಸರು ಎರಡೂ ಇವೆಯೇ, ಪಟ್ಟಿಯಲ್ಲಿರುವಂತೆಯೇ ಇವೆಯೇ ಎಂದು. ಆಮೇಲೆ ಕೊಟ್ಟ ಅಧಿಕಾರಿಯ ಪದನಾಮ, ಮೊಹರು. ಮೂರನೆಯದು `RD` ಎಂದು ಶುರುವಾಗುವ ಪ್ರಮಾಣಪತ್ರ ಸಂಖ್ಯೆ. ಈ ಸಂಖ್ಯೆ ಇದ್ದರೆ ನಾಡಕಚೇರಿಯ ಜಾಲತಾಣದಲ್ಲಿ ಹಾಕಿ ಪತ್ರ ಅಸಲಿಯೇ ಎಂದು ಯಾರು ಬೇಕಾದರೂ ನೋಡಬಹುದು, ಕೈಬರಹದ ಹಳೆಯ ಪತ್ರಗಳಿಗೆ ಆ ಅನುಕೂಲ ಇಲ್ಲ. ಕೈಬರಹದ್ದಿದ್ದರೆ ಹೊಸದು ಮಾಡಿಸಿ ಎಂದೇ ನಾನು ಹೇಳುವುದು. ನಾಲ್ಕನೆಯದು ಭಾಷೆ. ಪರಿಶೀಲಿಸುವವರು ಗುವಾಹಟಿಯಲ್ಲೋ ರೂರ್ಕಿಯಲ್ಲೋ ಕೂತಿರುತ್ತಾರೆ, ಕನ್ನಡ ಓದಲು ಬರುವವರೇ ಸಿಗುತ್ತಾರೆಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗಲೇ ಇಂಗ್ಲಿಷ್ ಪ್ರತಿ, ಸಾಧ್ಯವಾದರೆ ಕೇಂದ್ರ ಸರ್ಕಾರದ ನಮೂನೆಯ ಪ್ರತಿ ಬೇಕೆಂದು ಕೇಳಿ. ಆ ನಮೂನೆಯಲ್ಲಿ 1950ರ ಪರಿಶಿಷ್ಟ ಜಾತಿಗಳ ಆದೇಶದ ಉಲ್ಲೇಖವೇ ಇರುತ್ತದೆ, ಕೇಂದ್ರದ ಸಂಸ್ಥೆಗಳಿಗೆ ಅದು ಪರಿಚಿತ.

ಹೆಸರಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಇನಿಷಿಯಲ್ ಇಲ್ಲದ ಬರೀ ಹೆಸರು, ಜಾತಿ ಪ್ರಮಾಣಪತ್ರದಲ್ಲಿ ಹೆಸರು ಬೇರೆ, ತಂದೆಯ ಹೆಸರು ಬೇರೆ. ನಮ್ಮ ಕಡೆ ಇದು ಸಾಮಾನ್ಯ. ಇನಿಷಿಯಲ್ ವ್ಯತ್ಯಾಸ ನನಗೆ ಅಷ್ಟು ದೊಡ್ಡ ತೊಂದರೆ ಅನ್ನಿಸಿಲ್ಲ, ಯಾಕೆಂದರೆ ಪ್ರಮಾಣಪತ್ರದಲ್ಲೇ ತಂದೆಯ ಪೂರ್ತಿ ಹೆಸರು ಇರುವುದರಿಂದ ಇನಿಷಿಯಲ್ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಸ್ವಂತ ಹೆಸರಿನ ಇಂಗ್ಲಿಷ್ ಕಾಗುಣಿತವೇ ಬೇರೆಯಾದರೆ ಮಾತ್ರ ಅನುಮಾನ ಏಳುತ್ತದೆ. ಅಂಥ ಪತ್ರಕ್ಕೆ ನೋಟರಿ ಅಫಿಡವಿಟ್ ಹಚ್ಚುವುದಕ್ಕಿಂತ, ಸಮಯವಿದ್ದರೆ ಅಂಕಪಟ್ಟಿ ತೋರಿಸಿ ಸರಿಯಾದ ಹೆಸರಲ್ಲಿ ಮತ್ತೊಂದು ಪ್ರಮಾಣಪತ್ರ ಪಡೆಯುವುದೇ ಒಳ್ಳೆಯದು. ಮುಂದೆ ಎಂ.ಟೆಕ್ ಪ್ರವೇಶದ ಹೊತ್ತಿಗೂ ಅದೇ ಪತ್ರ ತೋರಿಸಬೇಕಾಗುತ್ತದೆ.

ಪತ್ರ ಸರಿಯಿದೆ ಅನ್ನಿ, ಈಗ ಫೈಲ್. ನಾಡಕಚೇರಿಯಿಂದ ಇಳಿಸಿಕೊಂಡ ಮೂಲ ಪಿಡಿಎಫ್ ನಿಮ್ಮಲ್ಲಿದ್ದು, ಗಾತ್ರ ಪೋರ್ಟಲ್ ಹೇಳಿದ ಮಿತಿಯೊಳಗಿದ್ದರೆ ಅದನ್ನು ಮುಟ್ಟದೆ ಹಾಗೇ ಹಾಕಿ. ಡಿಜಿಟಲ್ ಸಹಿ ಇರುವ ಪಿಡಿಎಫ್ ಅನ್ನು ಕಂಪ್ರೆಸ್ ಮಾಡಿದರೆ ಅಥವಾ ಪ್ರಿಂಟ್ ಹಾಕಿ ಮತ್ತೆ ಪಿಡಿಎಫ್ ಮಾಡಿದರೆ ಸಹಿಯ ಚಿತ್ರ ಉಳಿಯುತ್ತದೆ, ಸಹಿ ಹೋಗುತ್ತದೆ. ನೋಡುವ ಕಣ್ಣಿಗೆ ಎರಡೂ ಒಂದೇ, ಪರೀಕ್ಷಿಸುವ ಸಾಫ್ಟ್‌ವೇರ್‌ಗೆ ಅಲ್ಲ.

ಕೈಯಲ್ಲಿರುವುದು ಕಾಗದದ ಪ್ರತಿಯೇ ಆದರೆ ಸ್ಕ್ಯಾನ್ ಮಾಡಲೇಬೇಕು. ಒಂದು ಉದಾಹರಣೆ ತೆಗೆದುಕೊಳ್ಳಿ: 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಎ4 ಹಾಳೆ, 2480 × 3508 ಪಿಕ್ಸೆಲ್, ಫೈಲ್ ಸುಮಾರು ಎರಡೂವರೆ ಎಂಬಿ, ಪೋರ್ಟಲ್ ಒಪ್ಪುವುದು 300 ಕೆಬಿ ಎಂದುಕೊಳ್ಳಿ. ಡಿಪಿಐ ಅನ್ನು 150ಕ್ಕೆ ಇಳಿಸಿದರೆ ಹಾಳೆ 1240 × 1754 ಪಿಕ್ಸೆಲ್ ಆಗುತ್ತದೆ. ಉದ್ದ ಅಗಲ ಎರಡೂ ಅರ್ಧವಾದ್ದರಿಂದ ಪಿಕ್ಸೆಲ್ ಸಂಖ್ಯೆ ಕಾಲು ಭಾಗಕ್ಕೆ ಬರುತ್ತದೆ. ಬಣ್ಣದ ಬದಲು ಬೂದು ಛಾಯೆಗೆ ತಂದರೆ ಇನ್ನಷ್ಟು ಇಳಿದು ಸಾಮಾನ್ಯವಾಗಿ ಮಿತಿಯೊಳಗೆ ಕೂರುತ್ತದೆ. ಕಂಪ್ಯೂಟರಿನಲ್ಲಿ ಪಿಡಿಎಫ್ ಪರಿವರ್ತಿಸುವ ಘೋಸ್ಟ್‌ಸ್ಕ್ರಿಪ್ಟ್ ಸಾಫ್ಟ್‌ವೇರ್ ಇದ್ದರೆ ಎರಡೂ ಕೆಲಸ ಒಂದೇ ಸಾಲಿನಲ್ಲಿ ಮುಗಿಯುತ್ತವೆ:

```
gs -sDEVICE=pdfwrite -dPDFSETTINGS=/ebook -sColorConversionStrategy=Gray -dProcessColorModel=/DeviceGray -dNOPAUSE -dBATCH -sOutputFile=SC_cert.pdf scan.pdf
```

ಇಲ್ಲಿ `/ebook` ಅಂದರೆ 150 ಡಿಪಿಐ. ಇನ್ನೂ ಚಿಕ್ಕದಾಗಲಿ ಎಂದು `/screen` ಹಾಕಿದರೆ 72ಕ್ಕೆ ಇಳಿಯುತ್ತದೆ, ಆಗ ಪತ್ರದ ಅತಿ ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ, ಮೊದಲು ಹಾಳಾಗುವುದು ಪ್ರಮಾಣಪತ್ರದ ಸಂಖ್ಯೆಯೇ. ಮೊಬೈಲ್ ಸ್ಕ್ಯಾನರ್ ಆ್ಯಪ್‌ಗಳಲ್ಲಿ ಇರುವ ಕಪ್ಪು-ಬಿಳುಪು ಫಿಲ್ಟರ್ ಕೂಡ ಬೇಡ. ನೇರಳೆ ಶಾಯಿಯ ತೆಳು ಮೊಹರು ಅದರಲ್ಲಿ ಪೂರ್ತಿ ಮಾಯವಾಗಿ, ಮೊಹರೇ ಇಲ್ಲದ ಪತ್ರದಂತೆ ಕಾಣುತ್ತದೆ. ಬೂದು ಛಾಯೆಯಲ್ಲಿ ಮೊಹರು ಉಳಿಯುತ್ತದೆ.

ಫೈಲ್ ತಯಾರಾದ ಮೇಲೆ ಶೇ 100ರ ಗಾತ್ರದಲ್ಲಿ ತೆರೆದು ಸಂಖ್ಯೆ, ದಿನಾಂಕ, ಮೊಹರಿನ ಅಕ್ಷರಗಳನ್ನು ಓದಿ ನೋಡಿ. ನಿಮಗೆ ಕಣ್ಣು ಕಿರಿದು ಮಾಡಬೇಕೆನಿಸಿದರೆ ಪರಿಶೀಲಿಸುವವರಿಗೂ ಹಾಗೇ. ಹಿಂಬದಿಯಲ್ಲಿ ಬರಹವಿದ್ದರೆ ಎರಡೂ ಬದಿ ಒಂದೇ ಪಿಡಿಎಫ್‌ನಲ್ಲಿರಲಿ. ಪಾಸ್‌ವರ್ಡ್ ಇರುವ ಪಿಡಿಎಫ್ ಬೇಡ, ಅಪ್‌ಲೋಡ್ ಆದರೂ ಆ ಕಡೆ ತೆರೆಯುವುದಿಲ್ಲ. ಫೈಲಿನ ಹೆಸರಿನಲ್ಲಿ ಕನ್ನಡ ಅಕ್ಷರ, ಖಾಲಿ ಜಾಗ ಇಲ್ಲದಿದ್ದರೆ ಕೆಲವು ಪೋರ್ಟಲ್‌ಗಳ ಅರ್ಥವಾಗದ ದೋಷ ಸಂದೇಶಗಳಿಂದ ಪಾರಾಗಬಹುದು.

ಈಗ ಗೇಟ್ ಅರ್ಜಿ ಹಾಕುವ `GOAPS` ಪೋರ್ಟಲ್‌ನಲ್ಲಿ ಪ್ರವರ್ಗ ಆರಿಸಿ, ಪತ್ರ ಏರಿಸಿ, ಏರಿದ ಫೈಲನ್ನು ಅಲ್ಲಿಂದಲೇ ಮತ್ತೆ ತೆರೆದು ನೋಡಿ. ಸಹಿಯ ಜಾಗದಲ್ಲಿ ಪ್ರಮಾಣಪತ್ರ, ಪ್ರಮಾಣಪತ್ರದ ಜಾಗದಲ್ಲಿ ಆಧಾರ್ ಕೂತಿರುವುದು ಗೊತ್ತಾಗುವುದು ಆಗಲೇ. ನಂತರ ಶುಲ್ಕದ ಪುಟದಲ್ಲಿ ಕಾಣುವ ಮೊತ್ತ ನಿಮ್ಮ ಪರೀಕ್ಷೆ: ಒಂದು ಪೇಪರ್‌ಗೆ 1000 ಬರಬೇಕಾದಲ್ಲಿ 2000 ಕಂಡರೆ ಹಣ ಕಟ್ಟದೆ ಹಿಂದೆ ಹೋಗಿ, ಪ್ರವರ್ಗದ ಆಯ್ಕೆ ಉಳಿದಿಲ್ಲ ಎಂದರ್ಥ. ‘ಈಗ ಕಟ್ಟಿಬಿಡೋಣ, ಹೆಚ್ಚಾದದ್ದನ್ನು ಆಮೇಲೆ ವಾಪಸ್ ಕೇಳೋಣ’ ಎಂಬ ದಾರಿಯನ್ನು ಹಿಡಿಯಬೇಡಿ.

ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳ ಅರ್ಜಿಯಲ್ಲಿ ಒಂದು ವಿಶೇಷ ತಪ್ಪು ನಡೆಯುತ್ತದೆ. ಮಹಿಳೆ ಎಂದ ಕೂಡಲೇ ಯಾವ ದಾಖಲೆಯೂ ಇಲ್ಲದೆ ಕಡಿಮೆ ಶುಲ್ಕ ತೋರುವುದರಿಂದ, ‘ಪತ್ರ ಹುಡುಕುವ ತಾಪತ್ರಯ ಯಾಕೆ’ ಎಂದು ಸಾಮಾನ್ಯ ಪ್ರವರ್ಗವನ್ನೇ ಆರಿಸುತ್ತಾರೆ. ಶುಲ್ಕದ ಮಟ್ಟಿಗೆ ನಷ್ಟವಿಲ್ಲ. ಆದರೆ ಗೇಟ್‌ನಲ್ಲಿ ಪರಿಶಿಷ್ಟರ ಅರ್ಹತಾ ಅಂಕ ಸಾಮಾನ್ಯದವರ ಅರ್ಹತಾ ಅಂಕದ ಮೂರನೇ ಎರಡು ಭಾಗ. ಸಾಮಾನ್ಯದ ಅರ್ಹತಾ ಅಂಕ 30 ಆದರೆ ಅವರಿಗೆ 20 ಸಾಕು. ಅರ್ಜಿಯಲ್ಲಿ ಸಾಮಾನ್ಯ ಎಂದು ಹಾಕಿ 24 ಅಂಕ ಪಡೆದವಳು ಅರ್ಹಳೇ ಆಗುವುದಿಲ್ಲ. ಅಮ್ಮ-ಅಪ್ಪಂದಿರಿಗೂ ಇದನ್ನು ಬಿಡಿಸಿ ಹೇಳುತ್ತೇನೆ: ಪತ್ರ ಏರಿಸುವುದು ಬರೀ 1000 ರೂಪಾಯಿಯ ವಿಷಯವಲ್ಲ. ಮದುವೆಯಾದವರು ಗಂಡನ ಹೆಸರಿನ ಪತ್ರ ಹಾಕುವಂತಿಲ್ಲ. ಜಾತಿ ಹುಟ್ಟಿನಿಂದ ಬಂದದ್ದು, ಪತ್ರದಲ್ಲಿ ತಂದೆಯ ಹೆಸರೇ ಇರಬೇಕು.

ಅರ್ಜಿ ಕೊಟ್ಟ ಮೇಲೂ ವಾರಕ್ಕೊಮ್ಮೆ ಪೋರ್ಟಲ್‌ಗೆ ಹೋಗಿ ಸ್ಥಿತಿ ನೋಡಬೇಕು. ಪತ್ರ ಓದಲಾಗುತ್ತಿಲ್ಲ ಅಥವಾ ನಮೂನೆ ಸರಿಯಿಲ್ಲ ಎಂದು ಅರ್ಜಿಯನ್ನು ದೋಷಪೂರಿತ ಎಂದು ಗುರುತಿಸಿದರೆ, ಸರಿಪಡಿಸಲು ಕೊಡುವ ದಿನಗಳು ಕೆಲವೇ. ಇಮೇಲ್ ಬರುತ್ತದೆ, ಆದರೆ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿರುವುದೂ ಉಂಟು. ಹೇಳಿದ ಕಾರಣವನ್ನು ಸರಿಯಾಗಿ ಓದಿ: ಮಸುಕು ಎಂದಿದ್ದರೆ ಅದೇ ಪತ್ರವನ್ನು ಚೆನ್ನಾಗಿ ಸ್ಕ್ಯಾನ್ ಮಾಡಿ ಹಾಕಿದರೆ ಸಾಕು, ಪತ್ರವೇ ಮಾನ್ಯವಲ್ಲ ಎಂದಿದ್ದರೆ ಅದನ್ನೇ ಮತ್ತೆ ಏರಿಸಿ ಪ್ರಯೋಜನವಿಲ್ಲ, ಹೊಸ ಪತ್ರ ಬೇಕು. ಅದು ಅಷ್ಟರೊಳಗೆ ಸಿಗದಿದ್ದರೆ ಪ್ರವರ್ಗವನ್ನು ಸಾಮಾನ್ಯಕ್ಕೆ ಬದಲಿಸಿ, ಶುಲ್ಕದ ವ್ಯತ್ಯಾಸ ಕಟ್ಟಿ, ಸರಿಪಡಿಸಲು ಕೊಟ್ಟ ದಿನಗಳು ಮುಗಿಯುವ ಮುಂಚೆ ಅರ್ಜಿಯನ್ನು ಉಳಿಸಿಕೊಳ್ಳಬೇಕಾಗುತ್ತದೆ.