ದಾಳ ಉರುಳಿಸಿ ಉರುಳಿಸಿ ಕೊನೆಗೆ ಮೇಲೆ ಯಾವ ಮುಖ? ನಾನು ಲೆಕ್ಕ ಹಾಕುವ ರೀತಿ

ಚೆಸ್ ಬೋರ್ಡಿನ ಒಂದು ಮೂಲೆಯಲ್ಲಿ ಒಂದು ದಾಳ ಇದೆ. ಒಂದು ಮನೆಯ ಉದ್ದವೂ ದಾಳದ ಒಂದು ಅಂಚಿನ ಉದ್ದವೂ ಒಂದೇ. ದಾಳವನ್ನು ಎತ್ತುವ ಹಾಗಿಲ್ಲ, ಜಾರಿಸುವ ಹಾಗಿಲ್ಲ. ಅಂಚಿನ ಮೇಲೆ ಮಗುಚಿ ಪಕ್ಕದ ಮನೆಗೆ ಬೀಳಿಸಬೇಕು, ಅಷ್ಟೆ. ಮೊದಲ ಸಾಲಿನಲ್ಲಿ ಕೊನೆಯವರೆಗೆ ಬಲಕ್ಕೆ, ಅಲ್ಲಿ ಒಂದು ಮನೆ ಕೆಳಗೆ, ಎರಡನೇ ಸಾಲಿನಲ್ಲಿ ಪೂರ್ತಿ ಎಡಕ್ಕೆ, ಮತ್ತೆ ಒಂದು ಮನೆ ಕೆಳಗೆ. ಹೀಗೆ ಹಾವಿನ ಹಾಗೆ 64 ಮನೆಯನ್ನೂ ಸುತ್ತಿ ಮುಗಿಸಿದಾಗ ದಾಳದ ಮೇಲೆ ಯಾವ ಅಂಕಿ ಇರುತ್ತದೆ?

ಒಂಬತ್ತನೇ ಕ್ಲಾಸಿನಲ್ಲಿ ಓದುವ ನನ್ನ ತಂಗಿಯ ಮಗಳು ಇದನ್ನು ತಂದಾಗ, ಇಬ್ಬರೂ ಸೇರಿ ಮೊದಲು ಕೈಯಲ್ಲೇ ಮಾಡಿ ನೋಡಿದೆವು. ಲುಡೋ ಡಬ್ಬಿಯ ದಾಳ ಇದಕ್ಕೆ ಆಗುವುದಿಲ್ಲ. ಅದರ ಮೂಲೆಗಳು ನುಣುಪು, ಮಗುಚಲು ಹೋದರೆ ಜಾರಿ ಎರಡು ಮನೆ ಆಚೆ ಹೋಗುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಒಂದು ಮರದ ತುಂಡನ್ನು ಎರಡು ಇಂಚಿನ ಘನವಾಗಿ ಕೊಯ್ಯಿಸಿಕೊಂಡು ಬಂದೆ. ಸ್ಕೆಚ್ ಪೆನ್ನಿನಲ್ಲಿ ಅಂಕಿ ಬರೆದೆವು. ಚಾರ್ಟ್ ಪೇಪರಿನ ಮೇಲೆ ಎರಡೆರಡು ಇಂಚಿನ ಮನೆ ಗೀಚಿದೆವು.

ಅಂಕಿ ಬರೆಯುವಾಗಲೇ ಒಂದು ವಿಷಯ ನೋಡಿಕೊಳ್ಳಬೇಕು. ದಾಳದಲ್ಲಿ ಎದುರುಬದುರು ಮುಖಗಳನ್ನು ಕೂಡಿದರೆ 7 ಬರುತ್ತದೆ: 1ರ ಹಿಂದೆ 6, 2ರ ಹಿಂದೆ 5, 3ರ ಹಿಂದೆ 4. ಆದರೆ ಈ ಒಂದೇ ನಿಯಮದಿಂದ ದಾಳ ಗೊತ್ತಾಗುವುದಿಲ್ಲ. 1 ಮೇಲಿಟ್ಟು 2 ನಮ್ಮ ಕಡೆ ಇಟ್ಟರೆ, ಬಲಕ್ಕೆ 3 ಬರುವ ದಾಳವೂ ಇದೆ, 4 ಬರುವ ದಾಳವೂ ಇದೆ. ಒಂದು ಇನ್ನೊಂದರ ಕನ್ನಡಿ ಪ್ರತಿಬಿಂಬ. ಪ್ರಶ್ನೆಯಲ್ಲಿ ಯಾವುದು ಎಂದು ಹೇಳದಿದ್ದರೆ ಉತ್ತರವೇ ಬದಲಾಗಬಹುದು. ನಮ್ಮ ಪ್ರಶ್ನೆಯಲ್ಲಿ ಮೇಲೆ 1, ಎದುರು 2, ಬಲಕ್ಕೆ 3 ಎಂದು ಕೊಟ್ಟಿದ್ದರು.

ಆರು ಮುಖಗಳನ್ನೂ ಬರೆದುಕೊಂಡು ಹೋಗುವ ಅಗತ್ಯ ಇಲ್ಲ. ನಾನು ಮೂರೇ ಬರೆಯುತ್ತೇನೆ: ಮೇಲೆ, ಎದುರು, ಬಲ. ಶುರುವಿನಲ್ಲಿ (1, 2, 3). ಉಳಿದ ಮೂರು 7ರಿಂದ ಕಳೆದರೆ ಸಿಗುತ್ತವೆ. ಇಲ್ಲಿ "ಎದುರು" ಅಂದರೆ ಬೋರ್ಡಿನ ಕೆಳಗಿನ ಅಂಚಿನ ಹತ್ತಿರ ಕೂತ ನನ್ನ ಕಡೆ ನೋಡುವ ಮುಖ. ನಾನು ಜಾಗ ಬಿಟ್ಟು ಏಳುವುದಿಲ್ಲ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ದಾಳ ಬಲಕ್ಕೆ ಹೋಗುತ್ತಿದ್ದದ್ದು ಕೆಳಗೆ ಹೊರಟಾಗ ಅದರ ಮೂತಿಯೂ ತಿರುಗಿತು ಅಂದುಕೊಳ್ಳುತ್ತಾರೆ. ದಾಳ ಆಟೋ ಅಲ್ಲ, ತಿರುವಿನಲ್ಲಿ ಮೂತಿ ತಿರುಗಿಸುವುದಿಲ್ಲ. ಇದ್ದ ಹಾಗೇ ಇದ್ದು ಬೇರೆ ಅಂಚಿನ ಮೇಲೆ ಮಗುಚಿಕೊಳ್ಳುತ್ತದೆ.

ಈಗ ಬಲಕ್ಕೆ ಒಂದು ಸಲ ಮಗುಚಿ ನೋಡಿ. ಮೇಲಿದ್ದ 1 ಬಲಕ್ಕೆ ಬೀಳುತ್ತದೆ. ಎಡಗಡೆ ಇದ್ದದ್ದು ಮೇಲೆ ಏಳುತ್ತದೆ. ಎಡಗಡೆ ಇದ್ದದ್ದು ಅಂದರೆ 7ರಲ್ಲಿ ಬಲದ 3 ಕಳೆದದ್ದು, ಅಂದರೆ 4. ಎದುರಿನ 2 ಅಲ್ಲಾಡುವುದಿಲ್ಲ, ನಿಂತಲ್ಲೇ ಸುತ್ತುತ್ತದೆ. ಹಾಗಾಗಿ (1, 2, 3) ಹೋಗಿ (4, 2, 1) ಆಯಿತು. ಎಡಕ್ಕೆ ಮಗುಚಿದರೆ ಬಲದ್ದು ಮೇಲೆ ಬರುತ್ತದೆ, 7ರಲ್ಲಿ ಮೇಲಿನದು ಕಳೆದರೆ ಹೊಸ ಬಲ. ಕೆಳಗಿನ ಸಾಲಿಗೆ, ಅಂದರೆ ನನ್ನ ಕಡೆಗೆ ಮಗುಚಿದರೆ ಮೇಲಿನದು ಎದುರಿಗೆ ಬರುತ್ತದೆ, 7ರಲ್ಲಿ ಎದುರಿನದು ಕಳೆದದ್ದು ಮೇಲೆ ಏಳುತ್ತದೆ. ಆಚೆಗೆ ಮಗುಚಿದರೆ ಎದುರಿನದು ಮೇಲಕ್ಕೆ ಹೋಗುತ್ತದೆ, 7ರಲ್ಲಿ ಮೇಲಿನದು ಕಳೆದದ್ದು ಎದುರಿಗೆ ಬರುತ್ತದೆ.

ಆಮೇಲೆ ಕಂಪ್ಯೂಟರಿನಲ್ಲಿ ತಾಳೆ ನೋಡಲು ಬರೆದದ್ದೂ ಇಷ್ಟೇ. ಇದರಲ್ಲಿ `t` ಮೇಲೆ, `f` ಎದುರು, `r` ಬಲ. `D` ಅಂದರೆ ನನ್ನ ಕಡೆಗೆ, `U` ಅಂದರೆ ಆಚೆಗೆ.

```python
def roll(t, f, r, d):
    if d == 'R': return 7-r, f, t
    if d == 'L': return r, f, 7-t
    if d == 'D': return 7-f, t, r
    if d == 'U': return f, 7-t, r
```

ಹಾವಿನ ದಾರಿಯಲ್ಲಿ ಒಟ್ಟು 63 ಸಲ ಮಗುಚಬೇಕು. ಕಾಗದದ ಮೇಲೆ 63 ಸಾಲು ಬರೆಯಲು ಯಾರಿಗೆ ತಾಳ್ಮೆ ಇದೆ? ಮೊದಲ ಸಾಲು ಮುಗಿಸುವಷ್ಟರಲ್ಲಿ ಹುಡುಗಿಯೇ ಹೇಳಿದಳು: "ಮಾಮ, ನಾಲ್ಕು ಸಲ ಉರುಳಿಸಿದರೆ ಮೊದಲಿನ ಹಾಗೇ ಆಗುತ್ತೆ. ಹಂಗಾದ್ರೆ ಬಲಕ್ಕೆ ಏಳು ಸಲ ಉರುಳಿಸೋದೂ ಒಂದೇ, ಎಡಕ್ಕೆ ಒಂದು ಸಲ ಉರುಳಿಸೋದೂ ಒಂದೇ ಅಲ್ವಾ?"

ಹೌದು. ದಾಳ ಯಾವ ಮನೆಯಲ್ಲಿದೆ ಅನ್ನುವುದನ್ನು ಪಕ್ಕಕ್ಕಿಟ್ಟು, ಹೇಗೆ ಕೂತಿದೆ ಅನ್ನುವುದನ್ನು ಮಾತ್ರ ನೋಡಿದರೆ ಅವಳ ಮಾತು ಪೂರ್ತಿ ಸರಿ. ಎಂಟು ಮನೆಯ ಸಾಲಿನಲ್ಲಿ ಏಳು ಸಲ ಮಗುಚುತ್ತೇವೆ. ಏಳು ಅಂದರೆ ಒಂದು ಪೂರ್ತಿ ಸುತ್ತು ಮತ್ತು ಮೂರು. ಒಂದೇ ದಿಕ್ಕಿನಲ್ಲಿ ಮೂರು ಅಂದರೆ ಉಲ್ಟಾ ದಿಕ್ಕಿನಲ್ಲಿ ಒಂದು. ಹಾಗಾಗಿ ಬಲಕ್ಕೆ ಹೋಗುವ ಸಾಲಿನ ಬದಲು ಎಡಕ್ಕೆ ಒಂದು, ಎಡಕ್ಕೆ ಹೋಗುವ ಸಾಲಿನ ಬದಲು ಬಲಕ್ಕೆ ಒಂದು. 63 ಹೆಜ್ಜೆ 15ಕ್ಕೆ ಇಳಿಯಿತು.

ಮೊದಲ ಎರಡು ಸಾಲು ಮಾಡೋಣ. ಶುರು (1, 2, 3). ಮೊದಲ ಸಾಲು ಮುಗಿದರೆ, ಅಂದರೆ ಲೆಕ್ಕಕ್ಕೆ ಎಡಕ್ಕೆ ಒಂದು: (3, 2, 6). ಕೆಳಗೆ ಒಂದು: (5, 3, 6). ಎರಡನೇ ಸಾಲು ಮುಗಿದರೆ, ಲೆಕ್ಕಕ್ಕೆ ಬಲಕ್ಕೆ ಒಂದು: (1, 3, 5). ಮತ್ತೆ ಕೆಳಗೆ: (4, 1, 5). ಈಗ ದಾಳ ಮೂರನೇ ಸಾಲಿನ ಎಡ ತುದಿಯಲ್ಲಿದೆ.

ಮುಂದಿನ ಎರಡು ಸಾಲಿಗೂ ಅದೇ ನಾಲ್ಕು ಹೆಜ್ಜೆ. ಹಾಗಾಗಿ ನಾಲ್ಕನ್ನೂ ಬಿಡಿಬಿಡಿಯಾಗಿ ಮಾಡುವ ಬದಲು ಒಟ್ಟಿಗೆ ಏನಾಯಿತು ಎಂದು ನೋಡಿದೆ. (1, 2, 3) ಹೋಗಿ (4, 1, 5) ಆಗಿದೆ. ಅಂದರೆ ಹೊಸ ಮೇಲಿನದು 7ರಲ್ಲಿ ಹಳೇ ಬಲ ಕಳೆದದ್ದು. ಹೊಸ ಎದುರು ಹಳೇ ಮೇಲಿನದು. ಹೊಸ ಬಲ 7ರಲ್ಲಿ ಹಳೇ ಎದುರು ಕಳೆದದ್ದು. ಇದನ್ನೇ ಇನ್ನೊಮ್ಮೆ ಹಾಕಿದರೆ (2, 4, 6). ಮತ್ತೊಮ್ಮೆ ಹಾಕಿದರೆ (1, 2, 3). ಆರು ಸಾಲು ಮುಗಿಸಿ ಏಳನೇ ಸಾಲಿನ ಎಡ ತುದಿಗೆ ಬಂದಾಗ ದಾಳ ಶುರುವಿನಲ್ಲಿ ಹೇಗೆ ಕೂತಿತ್ತೋ ಹಾಗೇ ಕೂತಿದೆ. ಇದು ಆಕಸ್ಮಿಕ ಅಲ್ಲ. ಈ ನಾಲ್ಕು ಹೆಜ್ಜೆ ಸೇರಿ ಘನವನ್ನು ಅದರ ಮೂಲೆಯಿಂದ ಎದುರು ಮೂಲೆಗೆ ಹಾಯುವ ಗೆರೆಯ ಸುತ್ತ 120 ಡಿಗ್ರಿ ತಿರುಗಿಸುತ್ತವೆ. ಮೂರು ಸಲ ಮಾಡಿದರೆ 360.

ಉಳಿದದ್ದು ಏಳು ಮತ್ತು ಎಂಟನೇ ಸಾಲು. ಅವು ಮೊದಲೆರಡು ಸಾಲಿನ ಹಾಗೇ: (3, 2, 6), (5, 3, 6), (1, 3, 5). ಕೊನೆಯ ಮನೆ ಕೆಳಗಿನ ಎಡ ಮೂಲೆ. ಮೇಲೆ 1. ಆದರೆ ಎದುರಿಗೆ 2ರ ಬದಲು 3 ಬಂದಿದೆ. ಮರದ ತುಂಡನ್ನು ಚಾರ್ಟಿನ ಮೇಲೆ ಪೂರ್ತಿ ಉರುಳಿಸಿದಾಗಲೂ ಹಾಗೇ ಬಂತು.

ಉರುಳಿಸಿ ನೋಡಲು ಮರದ ತುಂಡು ಇಲ್ಲದಾಗ ಉತ್ತರ ತಾಳೆ ನೋಡುವುದು ಹೇಗೆ? ನನಗೆ ತುಂಬ ಇಷ್ಟವಾದ ಭಾಗ ಇದು. ಅಂಕಿಗಳನ್ನು ಜೋಡಿ ಮಾಡಿ ಹೆಸರಿಡಿ: 1 ಮತ್ತು 6ಕ್ಕೆ ಕ, 2 ಮತ್ತು 5ಕ್ಕೆ ಖ, 3 ಮತ್ತು 4ಕ್ಕೆ ಗ. ಶುರುವಿನ (1, 2, 3) ಅಂದರೆ ಕಖಗ. ಪ್ರತಿ ಸಲ ಮಗುಚಿದಾಗ ಮೂರರಲ್ಲಿ ಎರಡು ಅಕ್ಷರ ಮಾತ್ರ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ಬಲಕ್ಕೋ ಎಡಕ್ಕೋ ಮಗುಚಿದರೆ ಒಂದನೆಯದೂ ಮೂರನೆಯದೂ, ಮೇಲೆ ಕೆಳಗೆ ಹೋದರೆ ಒಂದನೆಯದೂ ಎರಡನೆಯದೂ. ಅದೇ ಹೊತ್ತಿಗೆ ಬೋರ್ಡಿನ ಮೇಲೆ ಮನೆಯ ಬಣ್ಣವೂ ಬದಲಾಗುತ್ತದೆ, ಬಿಳಿಯಿಂದ ಕಪ್ಪು, ಕಪ್ಪಿನಿಂದ ಬಿಳಿ. ಎರಡೂ ಜೊತೆಜೊತೆಯಲ್ಲೇ ನಡೆಯುತ್ತವೆ. ಹಾಗಾಗಿ ಶುರುವಿನ ಬಣ್ಣದ ಮನೆಯಲ್ಲಿ ಕಖಗ, ಖಗಕ, ಗಕಖ ಇವು ಮೂರೇ ಸಾಧ್ಯ. ಇನ್ನೊಂದು ಬಣ್ಣದಲ್ಲಿ ಕಗಖ, ಖಕಗ, ಗಖಕ ಇವು ಮೂರೇ.

ನಮ್ಮ ಉತ್ತರ (1, 3, 5), ಅಂದರೆ ಕಗಖ. ಮೇಲಿನ ಎಡ ಮೂಲೆಯಿಂದ ಕೆಳಗಿನ ಎಡ ಮೂಲೆಗೆ ಏಳು ಮನೆ, ಬಣ್ಣ ಬೇರೆ. ಸರಿ ಹೋಯಿತು. ಯಾರಾದರೂ ಅದೇ ಮೂಲೆಗೆ (1, 2, 3) ಎಂದು ಉತ್ತರ ತಂದರೆ ಲೆಕ್ಕವನ್ನು ನೋಡದೆಯೇ ತಪ್ಪು ಅನ್ನಬಹುದು. ದಾಳ 24 ರೀತಿ ಕೂರಬಹುದು. ಆದರೆ ಯಾವ ಮನೆಯಲ್ಲೇ ಆಗಲಿ ಅದರಲ್ಲಿ ಅರ್ಧ, 12 ಮಾತ್ರ ಬರಬಹುದು. ಆ 12ರಲ್ಲಿ ಪ್ರತಿ ಅಂಕಿಯೂ ಮೇಲೆ ಎರಡು ರೀತಿ ಬರುತ್ತದೆ. ಹಾಗಾಗಿ ಮನೆಯ ಬಣ್ಣ ನೋಡಿ ಮೇಲಿನ ಅಂಕಿ ಹೇಳಲು ಆಗುವುದಿಲ್ಲ. ಮೇಲಿನ ಅಂಕಿ ಗೊತ್ತಿದ್ದರೆ ಪಕ್ಕದ್ದು ಹೇಗೆ ತಿರುಗಿದೆ ಅನ್ನುವುದು ಅರ್ಧ ಗೊತ್ತಾಗುತ್ತದೆ, ಅಷ್ಟೇ.

ಈ ಪರೀಕ್ಷೆ ಒಂದು ಹೆಜ್ಜೆ ಬಿಟ್ಟುಹೋದರೆ, ಅಥವಾ ಒಂದು ಜಾಸ್ತಿಯಾದರೆ ಹಿಡಿಯುತ್ತದೆ. ಎಡ ಬಲ ಅದಲುಬದಲಾದರೆ ಹಿಡಿಯುವುದಿಲ್ಲ, ಯಾಕೆಂದರೆ ಎರಡರಲ್ಲೂ ಅದೇ ಅಕ್ಷರಗಳು ಜಾಗ ಬದಲಿಸುತ್ತವೆ. 7ರಿಂದ ಕಳೆಯುವುದು ಮರೆತರೂ ಹಿಡಿಯುವುದಿಲ್ಲ. ಆದರೆ ಆ ಕೊನೆಯ ತಪ್ಪನ್ನು ಬೇರೆ ರೀತಿ ಹಿಡಿಯಬಹುದು. ಒಂದು ಸಲ ಕಳೆಯುವುದು ಮರೆತರೆ ಸಿಗುವುದು ಕನ್ನಡಿಯೊಳಗಿನ ದಾಳ. ಉದಾಹರಣೆಗೆ ಬಲಕ್ಕೆ ಮಗುಚಿ (3, 2, 1) ಎಂದು ಬರೆದಿದ್ದೀರಿ ಅಂದುಕೊಳ್ಳಿ. ನಿಜವಾದ ದಾಳ ತೆಗೆದು 3 ಮೇಲೆ, 2 ಎದುರಿಗೆ ಇಟ್ಟರೆ ಬಲಕ್ಕೆ 6 ಕಾಣುತ್ತದೆ, 1 ಅಲ್ಲ. ಆ ದಾಳದಲ್ಲಿ 1 ಮೇಲೆ, 2 ಎದುರು, 3 ಬಲ ಇರಬೇಕು ಅನ್ನುವುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಇದೇ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲೂ ಕೇಳುತ್ತಾರೆ: ಪ್ರತಿ ಮನೆಯಲ್ಲಿ ಮೇಲೆ ಬಂದ ಅಂಕಿಯನ್ನು ಕೂಡಿಸುತ್ತಾ ಹೋದರೆ ಒಟ್ಟು ಎಷ್ಟು? ನೇರ ದಾರಿಯಲ್ಲಿ ಸತತ ನಾಲ್ಕು ಮನೆಯಲ್ಲಿ ಎರಡು ಎದುರುಬದುರು ಜೋಡಿ ಪೂರ್ತಿ ಬರುತ್ತವೆ, ಅಂದರೆ 14. ಎಂಟು ಮನೆಯ ಸಾಲಿಗೆ 28. ಎಂಟು ಸಾಲಿಗೆ 224. ದಾಳ ಶುರುವಿನಲ್ಲಿ ಹೇಗೆ ಕೂತಿದ್ದರೂ 224ೇ.

9 ಸಾಲು 9 ಮನೆಯ ಹಾಸು ಕೊಟ್ಟರೆ ಕೊನೆಯ ಮುಖ ಹುಡುಕುವುದು ಇನ್ನೂ ಸುಲಭ. ಒಂದು ಸಾಲಿನಲ್ಲಿ ಎಂಟು ಸಲ ಮಗುಚುತ್ತೇವೆ, ಅಂದರೆ ಎರಡು ಪೂರ್ತಿ ಸುತ್ತು, ಲೆಕ್ಕಕ್ಕೆ ಏನೂ ಆಗಿಲ್ಲ. ಉಳಿಯುವುದು ಕೆಳಗೆ ಇಳಿಯುವ ಎಂಟು ಹೆಜ್ಜೆ, ಅದೂ ಎರಡು ಸುತ್ತು. ಕೆಳಗಿನ ಬಲ ಮೂಲೆಯಲ್ಲಿ ದಾಳ (1, 2, 3) ಆಗಿಯೇ ಕೂತಿರುತ್ತದೆ. ಮೊತ್ತಕ್ಕೆ ಮಾತ್ರ ಸ್ವಲ್ಪ ಕೆಲಸ ಇದೆ. ಪ್ರತಿ ಸಾಲಿಗೆ 28ರ ಜೊತೆ ಆ ಸಾಲು ಶುರುವಾದಾಗ ಮೇಲಿದ್ದ ಅಂಕಿಯೂ ಸೇರುತ್ತದೆ. ಆ ಅಂಕಿಗಳು ಮೇಲಿನ ಸಾಲಿನಿಂದ ಕ್ರಮವಾಗಿ 1, 5, 6, 2, 1, 5, 6, 2, 1, ಒಟ್ಟು 29. 252 ಮತ್ತು 29 ಸೇರಿ 281.