ತಾಯಿಯ ಐಟಿ ಖಾತೆಗೆ ಮಗನ ನಂಬರ್: ಎಲ್ಲಿ ಕೊಡಬಹುದು, ಎಲ್ಲಿ ಕೊಡಬಾರದು

ನಿವೃತ್ತರ ಹೆಸರಿನಲ್ಲಿ ಆದಾಯ ತೆರಿಗೆ ಪೋರ್ಟಲ್‌ನ ಖಾತೆ ತೆರೆಯುವಾಗ ಲ್ಯಾಪ್‌ಟಾಪ್ ಮುಂದೆ ಕೂರುವವರು ಸಾಮಾನ್ಯವಾಗಿ ಮಗನೋ ಅಳಿಯನೋ. ಓಟಿಪಿ ಕೈಗೆ ಸಿಗಲಿ ಎಂದು ತಮ್ಮ ನಂಬರ್, ತಮ್ಮ ಇಮೇಲನ್ನೇ ಹಾಕಿಬಿಡುತ್ತಾರೆ. ಆ ಹೊತ್ತಿನ ಕೆಲಸ ಸಲೀಸಾಗಿ ಮುಗಿಯುತ್ತದೆ. ತೊಂದರೆ ಶುರುವಾಗುವುದು ರಿಟರ್ನ್ ಸಲ್ಲಿಸಿದ ಮೇಲೆ. ಇಲಾಖೆ ಈಗ ನೋಟಿಸುಗಳನ್ನು ನೋಂದಾಯಿತ ಇಮೇಲಿಗೆ ಕಳಿಸುತ್ತದೆ, ಪೋರ್ಟಲ್‌ನಲ್ಲೂ ಹಾಕುತ್ತದೆ. ಆ ಇಮೇಲ್ ಯಾರದು, ಅವರು ತೆರೆದು ನೋಡಿದರೇ ಎಂದು ಯಾರೂ ವಿಚಾರಿಸುವುದಿಲ್ಲ.

ಮೈಸೂರಿನ ಒಬ್ಬ ನಿವೃತ್ತ ಶಿಕ್ಷಕಿಯ ಖಾತೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಪಿಂಚಣಿ ಬರುತ್ತದೆ, ಬ್ಯಾಂಕಿನಲ್ಲಿ ಎಫ್‌ಡಿ ಇದೆ, ಅದರ ಬಡ್ಡಿಯ ಮೇಲೆ ಟಿಡಿಎಸ್ ಕಡಿತವಾಗಿದೆ. ಜುಲೈ 20ರಂದು ಮಗ ರಿಟರ್ನ್ ಸಲ್ಲಿಸಿ ಇ-ವೆರಿಫೈ ಕೂಡ ಮಾಡಿದ. ಆದರೆ ಟಿಡಿಎಸ್ ವಾಪಸ್ ಕೇಳಿದವನು ಆ ಬಡ್ಡಿಯನ್ನು ಆದಾಯದಲ್ಲಿ ತೋರಿಸುವುದನ್ನು ಮರೆತ. ಇದು ತುಂಬ ಸಾಮಾನ್ಯವಾದ ತಪ್ಪು. ಸೆಪ್ಟೆಂಬರ್ 5ಕ್ಕೆ ಕಲಂ 139(9)ರಡಿ ‘ದೋಷಯುಕ್ತ ರಿಟರ್ನ್’ ಎಂಬ ನೋಟಿಸ್ ಬಂತು. ಸರಿಪಡಿಸಲು 15 ದಿನ ಗಡುವು. ಅಷ್ಟರಲ್ಲಿ ಮಗ ಕೆಲಸಕ್ಕೆಂದು ವಿದೇಶಕ್ಕೆ ಹೋಗಿದ್ದಾನೆ. ಭಾರತದ ಸಿಮ್ ಬಂದ್ ಆಗಿದೆ, ಆ ಹಳೆಯ ಇಮೇಲನ್ನು ಅವನು ನೋಡುವುದೂ ಅಪರೂಪ. ಗಡುವು ದಾಟಿತು. ಉತ್ತರ ಬರದಿದ್ದರೆ ಇಲಾಖೆ ಆ ರಿಟರ್ನನ್ನು ಅಸಿಂಧು ಎಂದು ಪರಿಗಣಿಸಬಹುದು, ಎಂದರೆ ಸಲ್ಲಿಸಿಯೇ ಇಲ್ಲ ಎಂಬ ಲೆಕ್ಕ. ರಿಫಂಡ್ ಯಾಕೆ ಬರಲಿಲ್ಲ ಎಂದು ಶಿಕ್ಷಕಿ ನವೆಂಬರ್‌ನಲ್ಲಿ ವಿಚಾರಿಸಿದಾಗ ವಿಷಯ ತಿಳಿಯಿತು. ಡಿಸೆಂಬರ್ 31ರೊಳಗೆ ತಡವಾದ ರಿಟರ್ನ್ ಸಲ್ಲಿಸಲು ಅವಕಾಶವೇನೋ ಇದೆ. ಆದರೆ ಒಟ್ಟು ಆದಾಯ 5 ಲಕ್ಷ ಮೀರಿದ್ದರೆ ತಡವಾಗಿದ್ದಕ್ಕೆ 5,000 ರೂಪಾಯಿ ಶುಲ್ಕ ಕಟ್ಟಬೇಕು.

ಇಲ್ಲಿ ಮಗ ಬೇಕೆಂದು ಏನೂ ಮಾಡಲಿಲ್ಲ. ಸಂಬಂಧಿಕರ ನಂಬರ್ ಎಂದರೆ ಮೋಸದ ಭಯವನ್ನೇ ಎಲ್ಲರೂ ಮಾತಾಡುತ್ತಾರೆ. ನಿಜವಾಗಿ ಹೆಚ್ಚು ಕೆಡಿಸುವುದು ಇಂಥ ಮಾಮೂಲಿ ಗೈರುಹಾಜರಿ.

ಸಿಮ್‌ನ ಕಥೆ ಇನ್ನೂ ಮುಂದಕ್ಕಿದೆ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೇ ಬಿಟ್ಟರೆ, ಖಾತೆಯಲ್ಲಿ ಹಣವೂ ಇಲ್ಲದಿದ್ದರೆ, ಕಂಪನಿ ಅದನ್ನು ನಿಷ್ಕ್ರಿಯಗೊಳಿಸಬಹುದು. ಆ ಮೇಲೆ ಕನಿಷ್ಠ 90 ದಿನ ಕಳೆದರೆ ಅದೇ ನಂಬರನ್ನು ಬೇರೆಯವರಿಗೆ ಕೊಡಬಹುದು. ಆಗ ತಾಯಿಯ ಖಾತೆಯ ಓಟಿಪಿ ಯಾರೋ ಅಪರಿಚಿತರ ಫೋನಿಗೆ ಹೋಗುತ್ತದೆ.

ಹಾಗಾದರೆ ಯಾವ ನಂಬರ್ ಕೊಡಬೇಕು? ಖಾತೆದಾರರ ಹೆಸರಿನಲ್ಲೇ ಇರುವ, ಅವರ ಕೈಯಲ್ಲೇ ಇರುವ ನಂಬರ್. ಸ್ಮಾರ್ಟ್‌ಫೋನ್ ಬೇಕೆಂದಿಲ್ಲ, ಓಟಿಪಿ ಎಸ್ಸೆಮ್ಮೆಸ್ಸು ಕೀಪ್ಯಾಡ್ ಫೋನಿಗೂ ಬರುತ್ತದೆ. ‘ಹೆಸರಿನಲ್ಲೇ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿರಿಯರು ವರ್ಷಗಳಿಂದ ಬಳಸುವ ಎಷ್ಟೋ ಸಿಮ್‌ಗಳು ಮಗನ ಅಥವಾ ತೀರಿಹೋದ ಗಂಡನ ದಾಖಲೆಯ ಮೇಲೆ ಇರುತ್ತವೆ. ಫೋನ್ ಕಳೆದ ದಿನ ಅದೇ ನಂಬರಿನ ಬದಲಿ ಸಿಮ್ ಪಡೆಯಲು ದಾಖಲೆಯಲ್ಲಿರುವ ವ್ಯಕ್ತಿಯೇ ಬೇಕು. sancharsaathi.gov.in ತಾಣದಲ್ಲಿ ನಿಮ್ಮ ಹೆಸರಿನಲ್ಲಿರುವ ಸಂಪರ್ಕಗಳ ಪಟ್ಟಿ ನೋಡಬಹುದು. ಬಳಸುತ್ತಿರುವ ಸಿಮ್ ಬೇರೆಯವರ ಹೆಸರಿನಲ್ಲಿದ್ದರೆ ಮೊದಲು ಕಂಪನಿಯ ಅಂಗಡಿಯಲ್ಲಿ ಅದನ್ನು ವರ್ಗಾಯಿಸಿಕೊಳ್ಳಿ.

ಇಮೇಲ್ ಕೂಡ ತಾಯಿಯ ಹೆಸರಿನಲ್ಲೇ ಹೊಸದಾಗಿ ಮಾಡಿಬಿಡಿ. ಮಗನಿಗೆ ತಕ್ಕ ಜಾಗ ಇಲ್ಲಿದೆ: ಜಿಮೇಲ್‌ನ ರಿಕವರಿ ಇಮೇಲ್ ಆಗಿ ಅವನದನ್ನು ಕೊಡಿ, ರಿಕವರಿ ಫೋನ್ ಮಾತ್ರ ತಾಯಿಯದೇ ಇರಲಿ. ತೆರಿಗೆಯ ಪತ್ರಗಳು ಮಗನಿಗೂ ಕಾಣಬೇಕಾದರೆ, ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ನ Forwarding and POP/IMAP ವಿಭಾಗದಲ್ಲಿ ಅವನ ವಿಳಾಸ ಸೇರಿಸಿ. ಅವನಿಗೆ ಬರುವ ದೃಢೀಕರಣ ಕೋಡ್ ಹಾಕಿದ ನಂತರ, incometax.gov.in ನಿಂದ ಬಂದದ್ದನ್ನಷ್ಟೇ ಮುಂದಕ್ಕೆ ಕಳಿಸುವಂತೆ ಒಂದು ಫಿಲ್ಟರ್ ಮಾಡಿ. ಎಲ್ಲವನ್ನೂ ಫಾರ್ವರ್ಡ್ ಮಾಡಿದರೆ ಬ್ಯಾಂಕಿನ ಪತ್ರಗಳೂ ಹೋಗುತ್ತವೆ. ಎರಡು ವರ್ಷ ಯಾರೂ ಲಾಗಿನ್ ಆಗದ ಖಾತೆಯನ್ನು ಗೂಗಲ್ ಅಳಿಸಬಹುದು, ಹಾಗಾಗಿ ಆಗಾಗ ಅದನ್ನು ತೆರೆಯುತ್ತಿರಿ.

ಈಗಾಗಲೇ ಮಗನ ನಂಬರ್ ಇದೆ ಎಂದಾದರೆ ಬದಲಿಸುವ ಕ್ರಮ ಮುಖ್ಯ. ಮೊದಲು ಆಧಾರ್, ಆಮೇಲೆ ಬ್ಯಾಂಕು, ಕೊನೆಗೆ ಪೋರ್ಟಲ್. ತೆರಿಗೆ ಖಾತೆಯ ಪಾಸ್‌ವರ್ಡ್ ಮರೆತು, ಅಲ್ಲಿರುವ ನಂಬರೂ ಸತ್ತುಹೋಗಿದ್ದರೆ, ಒಳಗೆ ಹೋಗಲು ಉಳಿಯುವ ಸುಲಭ ದಾರಿ ಎರಡು: ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಓಟಿಪಿ, ಇಲ್ಲವೇ ಬ್ಯಾಂಕಿನ ನೆಟ್‌ಬ್ಯಾಂಕಿಂಗ್ ಮೂಲಕ ಲಾಗಿನ್. ಆ ಎರಡೂ ಕಡೆ ತಾಯಿಯ ನಂಬರ್ ಇದ್ದರೆ ಪೋರ್ಟಲ್ ಯಾವತ್ತೂ ಕೈತಪ್ಪುವುದಿಲ್ಲ. ಆಧಾರ್‌ನಲ್ಲಿ ತಾಯಿಯ ನಂಬರೇ ಇದೆಯೇ ಎಂದು ಗೊತ್ತಿಲ್ಲದಿದ್ದರೆ ಆಧಾರ್ ತಾಣದ Verify Email/Mobile ಆಯ್ಕೆಯಲ್ಲಿ ಆ ನಂಬರ್ ಹಾಕಿ ನೋಡಿ, ಅದು ದಾಖಲೆಗೆ ಹೊಂದುತ್ತದೆಯೇ ಎಂದು ತಿಳಿಯುತ್ತದೆ. ಬದಲಿಸಲು ಆಧಾರ್ ಸೇವಾ ಕೇಂದ್ರಕ್ಕೋ ಆಧಾರ್ ಸೇವೆ ಇರುವ ಅಂಚೆ ಕಚೇರಿಗೋ ಹೋಗಬಹುದು, ಅಲ್ಲಿ ಬೆರಳಚ್ಚು ಬೇಕಾಗುವುದರಿಂದ ತಾಯಿಯೇ ಹೋಗಬೇಕು. ಮೊಬೈಲ್ ಬದಲಾವಣೆಗೆ ದಾಖಲೆ ಪತ್ರ ಕೇಳುವುದಿಲ್ಲ.

ಇನ್ನು ಪೋರ್ಟಲ್. ಲಾಗಿನ್ ಆಗಿ My Profile ಒತ್ತಿ, Contact Details ತೆರೆದು Edit ಮಾಡಿ. ಪ್ರೈಮರಿ ಮೊಬೈಲ್, ಪ್ರೈಮರಿ ಇಮೇಲ್ ಎರಡರಲ್ಲೂ ತಾಯಿಯದನ್ನು ಹಾಕಿ. ಅದು ಯಾರದು ಎಂದು ಕೇಳುವ ಕಡೆ Self ಎಂದೇ ಆರಿಸಿ. ಸೆಕೆಂಡರಿ ಜಾಗದಲ್ಲಿ ಮಗನ ನಂಬರ್, ಇಮೇಲ್ ಹಾಕಬಹುದು. ಸಂಬಂಧಿಕರಿಗಿರುವ ಜಾಗ ಅದೇ. ಹೊಸ ನಂಬರಿಗೆ ಒಂದು, ಹೊಸ ಇಮೇಲಿಗೆ ಇನ್ನೊಂದು ಓಟಿಪಿ ಬರುತ್ತದೆ, ಎರಡೂ ಹಾಕಬೇಕು. ಮುಗಿದ ಮೇಲೆ ಬ್ಯಾಂಕ್ ಖಾತೆಯ ಪ್ರೀ-ವ್ಯಾಲಿಡೇಶನ್, ಎಂದರೆ ಆ ಖಾತೆ ತಾಯಿಯದೇ ಎಂದು ಪೋರ್ಟಲ್‌ನಲ್ಲಿ ಮೊದಲೇ ದೃಢಪಟ್ಟಿದೆಯೇ ಎಂಬುದನ್ನು ನೋಡಿಕೊಳ್ಳಿ. ಬ್ಯಾಂಕಿನಲ್ಲಿರುವ ಮೊಬೈಲ್ ಪೋರ್ಟಲ್‌ನ ಮೊಬೈಲ್‌ಗೆ ಹೊಂದದಿದ್ದರೆ ಬ್ಯಾಂಕ್ ಖಾತೆಯ ಮೂಲಕ ಇ-ವೆರಿಫೈ ಮಾಡಲು ಆಗುವುದಿಲ್ಲ. ರಿಟರ್ನ್ ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಆಗಲೇಬೇಕಾದ್ದರಿಂದ ಇದನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳಬೇಡಿ.

ಲೆಕ್ಕಪರಿಶೋಧಕರ ಇಮೇಲ್ ಕೊಡುವ ರೂಢಿಯೂ ಇದೆ. ಅದರ ಅಗತ್ಯವೇ ಇಲ್ಲ. Authorised Partners ಎಂಬಲ್ಲಿ ಅವರನ್ನು ಸೇರಿಸಿದರೆ ಅವರಿಗೆ ವಹಿಸಿದ ಫಾರ್ಮ್‌ಗಳ ಕೆಲಸವನ್ನು ತಮ್ಮ ಲಾಗಿನ್‌ನಿಂದಲೇ ಮಾಡಬಲ್ಲರು. ಬೇರೆಯವರನ್ನು ನೇಮಿಸಿಕೊಂಡ ದಿನ ಹಳಬರನ್ನು ಅಲ್ಲಿಂದ ತೆಗೆದುಹಾಕಬಹುದು.

ಬದಲಾವಣೆ ಆದ ದಿನವೇ Pending Actions ಒಳಗಿನ e-Proceedings ತೆರೆದು, ಹಳೆಯ ಇಮೇಲಿಗೆ ಹೋಗಿ ಉತ್ತರ ಕಾಣದೆ ಉಳಿದ ನೋಟಿಸ್ ಇದೆಯೇ ನೋಡಿ. ಮಗನಿಗೂ ಫೋನ್ ಮಾಡಿ, ಅವನ ಇನ್‌ಬಾಕ್ಸ್ ಮತ್ತು ಸ್ಪ್ಯಾಮ್ ಎರಡರಲ್ಲೂ incometax.gov.in ಎಂದು ಹುಡುಕಲು ಹೇಳಿ. ರಿಟರ್ನ್ ಪರಿಶೀಲಿಸಿದ ಮೇಲೆ ಇಲಾಖೆ ಕಳಿಸುವ ಇಂಟಿಮೇಶನ್ ಪತ್ರ ಸಿಕ್ಕರೆ, ಅದರ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಕೇಳುತ್ತದೆ: ತಾಯಿಯ ಪ್ಯಾನ್ ಸಣ್ಣ ಅಕ್ಷರಗಳಲ್ಲಿ, ಅದಕ್ಕೆ ಅಂಟಿಕೊಂಡೇ ಹುಟ್ಟಿದ ದಿನ, ತಿಂಗಳು, ವರ್ಷದ ಎಂಟು ಅಂಕಿ.