ಹತ್ತೂಕಾಲರಿಂದ ಎಂಟೂವರೆಗೆ: ಮಗಳ ನಿದ್ದೆಯನ್ನು ಹಿಂದಕ್ಕೆ ತಂದ ಬಗೆ

ನಮ್ಮದು ರಾತ್ರಿ ಒಂಬತ್ತಕ್ಕೆ ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡುವ ಮನೆ. ವಾರದಲ್ಲಿ ಎರಡು ಮೂರು ದಿನ ಸಂಜೆ ಏಳೂವರೆಯ ನಂತರ ಯಾರಾದರೂ ಬಂದು ಹೋಗುತ್ತಾರೆ. ಮಗಳಿಗೆ 22 ತಿಂಗಳಾಗುವ ವೇಳೆಗೆ ಅವಳು ಮಲಗುವ ಹೊತ್ತು ಯಾರಿಗೂ ಅರಿವಾಗದಂತೆ 10.15ಕ್ಕೆ ಬಂದು ನಿಂತಿತ್ತು. ಒಂದೆರಡು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆಂಬುದು ನನಗೆ ತಿಳಿದಿತ್ತು. ಲೆಕ್ಕ ಹಾಕಿದರೆ ಅವಳಿಗೆ ಹನ್ನೆರಡು ಗಂಟೆ ಆಗುತ್ತಿತ್ತು. ಹಾಗಾಗಿ ಕೆಲವು ವಾರ ನಾನು ಇದನ್ನು ಸಮಸ್ಯೆಯೆಂದೇ ಎಣಿಸಲಿಲ್ಲ.

ಎಚ್ಚರಿಸಿದ್ದು ಭಾನುವಾರದ ಬೆಳಗು. ಉಳಿದ ದಿನಗಳಲ್ಲಿ ನಾನು ಕೆಲಸಕ್ಕೆ ಹೊರಡಬೇಕಾದ್ದರಿಂದ ಅವಳನ್ನು 7.15ಕ್ಕೆ ಎಬ್ಬಿಸುತ್ತಿದ್ದೆ, ಭಾನುವಾರ ಎಬ್ಬಿಸದೆ ಬಿಟ್ಟರೆ 8.45ರವರೆಗೆ ಮಲಗಿರುತ್ತಿದ್ದಳು. ಈ ಒಂದೂವರೆ ಗಂಟೆಯ ಅಂತರವೇ ವಾರವಿಡೀ ಕೂಡಿಬಂದ ಬಾಕಿ. ಹತ್ತು ದಿನ ಒಂದು ಪುಸ್ತಕದಲ್ಲಿ ಏಳುವ ಮತ್ತು ಮಲಗುವ ಹೊತ್ತನ್ನು ಬರೆದಿಟ್ಟಾಗ ಇನ್ನೊಂದು ಸಂಗತಿ ಕಂಡಿತು. ರಾತ್ರಿ ಕಡಿಮೆಯಾದ ನಿದ್ದೆಯನ್ನು ಅವಳು ಮಧ್ಯಾಹ್ನ ತುಂಬಿಕೊಳ್ಳುತ್ತಿದ್ದಳು, ಒಂದಕ್ಕೆ ಮಲಗಿದವಳು ನಾಲ್ಕಕ್ಕೆ ಏಳುತ್ತಿದ್ದಳು. ನಾಲ್ಕಕ್ಕೆ ಎದ್ದ ಮಗುವಿಗೆ ಎಂಟಕ್ಕೆ ನಿದ್ದೆ ಬರುವುದಾದರೂ ಹೇಗೆ? ತಡರಾತ್ರಿಯು ಉದ್ದನೆಯ ಮಧ್ಯಾಹ್ನವನ್ನೂ, ಉದ್ದನೆಯ ಮಧ್ಯಾಹ್ನವು ಮತ್ತೊಂದು ತಡರಾತ್ರಿಯನ್ನೂ ಹುಟ್ಟಿಸುತ್ತಿದ್ದವು. ಅತಿಥಿಗಳು ಬಾರದ ದಿನವೂ ಅವಳು ಬೇಗ ಮಲಗದಿರುವುದಕ್ಕೆ ಇದೇ ಕಾರಣವಾಗಿತ್ತು.

ಮೊದಲು ನಾನು ಮಾಡಿದ್ದು ತಪ್ಪು. ಒಂದು ಸಂಜೆ ಏಕಾಏಕಿ ಎಂಟು ಗಂಟೆಗೇ ಅವಳನ್ನು ಕೋಣೆಗೆ ಕರೆದೊಯ್ದು ದೀಪ ಆರಿಸಿ ಬಾಗಿಲು ಹಾಕಿದೆ. ಹೊರಗೆ ನಗು, ಮಾತು. ಒಳಗೆ ಐವತ್ತು ನಿಮಿಷ ಅಳು. ಮೂರನೆಯ ದಿನ ಕೋಣೆಯ ಕಡೆಗೆ ತಿರುಗಿದರೇ ಅವಳು ನನ್ನ ಕೈ ಕೊಸರಿಕೊಳ್ಳತೊಡಗಿದಳು. ಇದರಲ್ಲಿ ಎರಡು ದೋಷಗಳಿದ್ದವು. ಒಂದು ಎಲ್ಲರಿಗೂ ಕಾಣುವಂಥದ್ದು: ಮನೆಯವರೆಲ್ಲ ಸೇರುವ ಹೊತ್ತಿಗೆ ಸರಿಯಾಗಿ ಅವಳೊಬ್ಬಳನ್ನೇ ಹೊರಗಿಟ್ಟಂತಾಗಿತ್ತು. ಇನ್ನೊಂದು ದೇಹದ ಗಡಿಯಾರಕ್ಕೆ ಸಂಬಂಧಿಸಿದ್ದು. ರೂಢಿಯಾದ ಮಲಗುವ ಹೊತ್ತಿಗೆ ಸ್ವಲ್ಪ ಮುಂಚೆ ದೇಹವು ಎಚ್ಚರವನ್ನು ಇಳಿಸುವುದಿಲ್ಲ, ಏರಿಸುತ್ತದೆ. ಹತ್ತೂಕಾಲಕ್ಕೆ ಒಗ್ಗಿದ ಮಗುವನ್ನು ಎಂಟಕ್ಕೆ ಮಲಗಿಸುವುದೆಂದರೆ ಅತ್ಯಂತ ಎಚ್ಚರದಲ್ಲಿರುವ ಹೊತ್ತಿನ ಆಸುಪಾಸಿನಲ್ಲೇ ಕಣ್ಣು ಮುಚ್ಚೆಂದು ಹೇಳಿದಂತೆ. ಒಂಬತ್ತರ ಸುಮಾರಿಗೆ ಅವಳು ಕೇಕೆ ಹಾಕಿ ಓಡಾಡುವುದನ್ನು ಕಂಡು ಬಂದವರು “ಇವಳಿಗೆ ನಿದ್ದೆಯೇ ಬಂದಿಲ್ಲ” ಎನ್ನುತ್ತಿದ್ದರು. ದಣಿದ ಮಗು ತೂಕಡಿಸುವುದಕ್ಕಿಂತ ಕೆರಳುವುದೇ ಹೆಚ್ಚೆಂಬುದು ನನಗೂ ತಡವಾಗಿ ತಿಳಿಯಿತು.

ಎರಡನೆಯ ಪ್ರಯತ್ನವನ್ನು ನಾನು ಬೆಳಗಿನಿಂದ ಆರಂಭಿಸಿದೆ. ಭಾನುವಾರವೂ ಸೇರಿ ಪ್ರತಿದಿನ 7ಕ್ಕೆ ಎಬ್ಬಿಸಿ ಕಿಟಕಿಯ ಪರದೆ ಸರಿಸುವುದು. ಮಧ್ಯಾಹ್ನದ ನಿದ್ದೆ ಎಷ್ಟೇ ಸೊಗಸಾಗಿದ್ದರೂ 3ಕ್ಕೆ ಎಬ್ಬಿಸುವುದು. ಮಲಗುವ ಹೊತ್ತನ್ನು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂಚಿತಗೊಳಿಸಿದೆ. 10.15ರಿಂದ 8.30ಕ್ಕೆ ಬರಲು ಏಳು ಹೆಜ್ಜೆ, ಅಂದರೆ ಮೂರು ವಾರ. ಮೊದಲ ವಾರದ ಸಂಜೆಗಳು ಕಿರಿಕಿರಿಯಿಂದ ತುಂಬಿದ್ದವೆಂಬುದನ್ನು ಮುಚ್ಚಿಡುವುದಿಲ್ಲ. ಏಳೂವರೆಯ ನಂತರ ನಡುಮನೆಯ ದೊಡ್ಡ ದೀಪವನ್ನು ಆರಿಸಿ ಮೂಲೆಯ ಹಳದಿ ದೀಪವನ್ನಷ್ಟೇ ಉಳಿಸಿದೆವು. ನಿದ್ದೆಯನ್ನು ತರುವ ಮೆಲಟೋನಿನ್ ಸಂಜೆಯ ಪ್ರಖರ ಬೆಳಕಿನಲ್ಲಿ ಕುಗ್ಗುತ್ತದೆ, ಚಿಕ್ಕ ಮಕ್ಕಳಲ್ಲಿ ದೊಡ್ಡವರಿಗಿಂತ ಹೆಚ್ಚಾಗಿಯೇ ಕುಗ್ಗುತ್ತದೆ.

ಊಟದ ವಿಷಯದಲ್ಲಿ ಅತ್ತೆಯವರ ಆಕ್ಷೇಪ ನೇರವಾಗಿತ್ತು: “ಇಷ್ಟು ಚಿಕ್ಕ ಮಗುವಿಗೆ ಬೇರೆ ಪಂಕ್ತಿಯೇನಮ್ಮಾ?” ಮಾತಿನಲ್ಲಿ ನ್ಯಾಯವಿತ್ತು. ಆದರೆ ನನ್ನ ಪುಸ್ತಕದ ಪ್ರಕಾರ ಒಂಬತ್ತರ ಊಟದಲ್ಲಿ ಅವಳು ತಿನ್ನುತ್ತಿದ್ದುದು ನಾಲ್ಕು ತುತ್ತು. ಅವಳಿಗೆ ಬೇಕಿದ್ದುದು ಜನ, ಊಟವಲ್ಲ. ಆದ್ದರಿಂದ ಅವಳ ಊಟವನ್ನು 6.45ಕ್ಕೆ ತಂದು, ಆ ಹೊತ್ತಿಗೆ ಅತ್ತೆಯವರೋ ಮಾವನವರೋ ತಟ್ಟೆಯಲ್ಲಿ ಏನಾದರೂ ಹಾಕಿಕೊಂಡು ಅವಳ ಎದುರು ಕೂರುವುದೆಂದು ಗೊತ್ತುಮಾಡಿದೆವು. ಒಬ್ಬಳೇ ಊಟ ಮಾಡುವುದು ಒಂದು ದಿನವೂ ಆಗಲಿಲ್ಲ. ಎಲ್ಲರೂ ಒಟ್ಟಿಗೆ ಕೂರುವ ಊಟವು ರಜೆಯ ದಿನಗಳ ಮಧ್ಯಾಹ್ನಕ್ಕೆ ಸರಿಯಿತು.

ಅತಿಥಿಗಳ ವಿಷಯದಲ್ಲಿ ನಾವು ಬದಲಿಸಿದ್ದು ಅವಳು ಹೊರಡುವ ಬಗೆಯನ್ನು. ಮೊದಲು ಕಣ್ತಪ್ಪಿಸಿ ಎತ್ತಿಕೊಂಡು ಹೋಗುತ್ತಿದ್ದೆವು. ಈಗ ಅವಳೇ ಎಲ್ಲರಿಗೂ ಹೇಳಿ ಹೋಗುತ್ತಾಳೆ. ಒಂದು ಸಂಜೆಯ ವಿವರ ಹೇಳುತ್ತೇನೆ. ನಾದಿನಿಯವರು ತಮ್ಮ ಇಬ್ಬರು ಮಕ್ಕಳೊಂದಿಗೆ 7.40ಕ್ಕೆ ಬಂದರು. ಮೈ ತೊಳೆದು ರಾತ್ರಿಯ ಬಟ್ಟೆ ಹಾಕುವ ಕೆಲಸವನ್ನು ಅವರು ಬರುವ ಮುಂಚೆಯೇ ಮುಗಿಸಿದ್ದೆ, ಏಕೆಂದರೆ ಆಟದ ನಡುವಿನಿಂದ ಎಬ್ಬಿಸಿ ಬಟ್ಟೆ ಬದಲಿಸಲು ಹೋದರೆ ಅಲ್ಲಿಯೇ ಜಗಳ ಶುರುವಾಗುತ್ತದೆ. ಎಂಟೂ ಐದರವರೆಗೆ ಮಕ್ಕಳು ಜೊತೆಯಲ್ಲಿ ಆಡಿದರು. ಎತ್ತಿ ಗಾಳಿಗೆ ತೂರುವ ಆಟವನ್ನೂ ಮೊಬೈಲನ್ನೂ ಮಾತ್ರ ಬೇಡವೆಂದು ಮೊದಲೇ ಕೇಳಿಕೊಂಡಿದ್ದೆ. ಬಳಿಕ ಮಾವನವರು, “ಬಾ ಪುಟ್ಟಿ, ಎಲ್ಲರಿಗೂ ಹೇಳಿ ಬರೋಣ” ಎಂದು ಕೈ ಹಿಡಿದುಕೊಂಡರು. ಅವಳು ಒಬ್ಬೊಬ್ಬರ ಬಳಿಗೂ ಹೋಗಿ ಅಂಗೈ ತಟ್ಟಿದಳು. ನಾದಿನಿಯ ಕಿರಿಯ ಮಗ ಕೋಣೆಯ ಬಾಗಿಲವರೆಗೂ ಬಂದು ಒಂದು ಗೊಂಬೆಯನ್ನು ಹಾಸಿಗೆಯ ಮೇಲೆ ಇಟ್ಟುಹೋದ. 8.25ಕ್ಕೆ ಮಲಗಿದವಳಿಗೆ ನಿದ್ದೆ ಹತ್ತಿದ್ದು 8.50ಕ್ಕೆ. ಬೇಗ ಮಲಗುವ ಅಭ್ಯಾಸವಿರುವ ಮಾವನವರು ಅವಳ ಪಕ್ಕದಲ್ಲೇ ಇದ್ದುದರಿಂದ ಅತಿಥಿಗಳನ್ನು ಬಿಟ್ಟು ನಾನು ಏಳಬೇಕಾಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ತನ್ನೊಬ್ಬಳನ್ನೇ ಒಳಗೆ ಕಳುಹಿಸಿದರೆಂದು ಅವಳಿಗೆ ಅನ್ನಿಸಲಿಲ್ಲ. ಬಾಗಿಲನ್ನು ನಾವು ಪೂರ್ತಿ ಮುಚ್ಚುವುದಿಲ್ಲ. ಒಂದೇ ಮಟ್ಟದಲ್ಲಿ ಸಾಗುವ ಮಾತಿನ ಗುನುಗು ಅವಳನ್ನು ಎಬ್ಬಿಸುವುದಿಲ್ಲ. ಎಬ್ಬಿಸುವುದು ಇದ್ದಕ್ಕಿದ್ದಂತೆ ಏಳುವ ನಗು, ಪಾತ್ರೆಯ ಸದ್ದು.

ತಪ್ಪಿಸಲಾಗದ ರಾತ್ರಿಗಳೂ ಇರುತ್ತವೆ. ಮನೆಯ ಸಮಾರಂಭವೊಂದರ ದಿನ ಅವಳು ಮಲಗಿದ್ದು 10.40ಕ್ಕೆ. ಮರುದಿನ ಅರ್ಧ ಗಂಟೆ ಮಾತ್ರ ರಿಯಾಯಿತಿ ಕೊಟ್ಟು 7.30ಕ್ಕೆ ಎಬ್ಬಿಸಿದೆ. ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆ ಮೊದಲೇ ಆರಂಭಿಸಿ 3ಕ್ಕೇ ಮುಗಿಸಿದೆ, ರಾತ್ರಿ 8.15ಕ್ಕೆ ಮಲಗಿಸಿದೆ. ಎರಡನೆಯ ರಾತ್ರಿಗೆ ಎಲ್ಲವೂ ಹಳಿಗೆ ಬಂತು. ಆದರೆ ಇಂಥ ಎರಡು ರಾತ್ರಿಗಳು ಒಂದರ ಹಿಂದೆ ಒಂದು ಬಂದಾಗ ಈ ಉಪಾಯ ಫಲಿಸಲಿಲ್ಲ. ಪೂರ್ತಿ ಸರಿಹೋಗಲು ಐದು ದಿನ ಹಿಡಿಯಿತು. ಆ ಬಳಿಕ ವಾರಕ್ಕೆ ಒಂದಕ್ಕಿಂತ ಹೆಚ್ಚು ವಿನಾಯಿತಿಗೆ ನಾನು ಒಪ್ಪುವುದಿಲ್ಲ. ಹೊತ್ತಿಗೆ ಸರಿಯಾಗಿ ಮಲಗಿಯೂ ದಿನವೆಲ್ಲ ಸೋತಂತಿರುವ ಅಥವಾ ನಿದ್ದೆಯಲ್ಲಿ ನಿತ್ಯ ಗೊರಕೆ ಹೊಡೆಯುವ ಮಗುವಿನ ವಿಷಯ ಬೇರೆ. ಅಂಥ ಮಗುವನ್ನು ಮಕ್ಕಳ ವೈದ್ಯರು ನೋಡಬೇಕು.

ಈ ಏರ್ಪಾಡಿನಲ್ಲಿ ನಷ್ಟವಾದದ್ದು ನನ್ನ ಗಂಡನಿಗೆ. ಅವರು ಮನೆ ಸೇರುವುದು 8.45ಕ್ಕೆ. ಮೊದಲು ಅವಳು ಎಚ್ಚರವಿರುತ್ತಿದ್ದುದರಿಂದ ರಾತ್ರಿಯ ಒಂದು ಗಂಟೆ ಅವರದಾಗಿತ್ತು. ಈಗ ಬೆಳಿಗ್ಗೆ 7ಕ್ಕೆ ಅವಳನ್ನು ಎಬ್ಬಿಸಿ ತಿಂಡಿ ತಿನ್ನಿಸುವ ಕೆಲಸವನ್ನು ಅವರಿಗೆ ಬಿಟ್ಟುಕೊಟ್ಟಿದ್ದೇವೆ. ವಾರದಲ್ಲಿ ಒಂದು ದಿನ ಹೇಗಾದರೂ ಏಳೂವರೆಗೆ ಬಂದು, ಮಲಗಿಸುವ ಸರದಿಯನ್ನು ಮಾವನವರಿಂದ ಕೇಳಿ ಪಡೆಯುತ್ತಾರೆ.